ಪಟ್ಟೆ ಅಂಗಿಯ ಮೇಲೆ ಹರಿದಾಡುವ ಸುಳ್ಳು ಬಣ್ಣ

ಸಂದರ್ಶನಕ್ಕೆ ಬಂದ ಅತಿಥಿ ತೊಟ್ಟಿದ್ದು ಬಿಳಿ ಬಟ್ಟೆಯ ಮೇಲೆ ನೂಲಿನಷ್ಟು ಸಣ್ಣ ನೀಲಿ ಗೆರೆಗಳಿರುವ ಅಂಗಿ. ಎದುರು ಕೂತವರಿಗೆ ಅದು ತಿಳಿನೀಲಿ ಅಂಗಿಯಂತೆ ಕಾಣುತ್ತದೆ, ಅಷ್ಟೇ. ವಿಡಿಯೊದಲ್ಲಿ ಮಾತ್ರ ಎದೆಯ ಮೇಲೆ ಕಿತ್ತಳೆ ಮತ್ತು ನೀಲಿ ಬಣ್ಣದ ಅಗಲ ಪಟ್ಟೆಗಳು ಮೂಡಿ, ಅವರು ಕೊಂಚ ಅಲುಗಿದರೂ ಸರಸರನೆ ಓಡಾಡತೊಡಗುತ್ತವೆ. ಮಾತು ಕೇಳಬೇಕಾದ ನೋಡುಗ ಅಂಗಿಯನ್ನೇ ನೋಡುತ್ತ ಕೂರುತ್ತಾನೆ. ವಿಡಿಯೊ ಕೆಲಸದವರು ಇದನ್ನು ಮೊಯಿರೆ ಎನ್ನುತ್ತಾರೆ.

ಇದನ್ನು ತೆಗೆಯಬಹುದೇ ಎಂದು ಕೇಳಿದರೆ ಒಂದೇ ಮಾತಿನಲ್ಲಿ ಉತ್ತರ ಹೇಳುವಂತಿಲ್ಲ. ಬಣ್ಣದ ಪಟ್ಟೆಯಾದರೆ ಬಹುಪಾಲು ತೆಗೆಯಬಹುದು, ಅದೂ ಅಂಗಿಯ ನೇಯ್ಗೆ ಮಸುಕಾಗದಂತೆ. ಬೆಳಕು-ಕಪ್ಪಿನ ಪಟ್ಟೆಯಾದರೆ ಹೆಚ್ಚಿನ ಸಲ ಕೈಚೆಲ್ಲಬೇಕಾಗುತ್ತದೆ. ಇನ್ನು ಕೆಲವು ಸಲ ತೆಗೆಯಲು ಏನೂ ಇರುವುದೇ ಇಲ್ಲ. ಮೂಲ ಫೈಲು ಶುದ್ಧವಾಗಿದ್ದು, ಎಡಿಟಿಂಗ್ ಪರದೆಯಷ್ಟೇ ಸುಳ್ಳು ಹೇಳುತ್ತಿರುತ್ತದೆ. ಈ ಮೂರರಲ್ಲಿ ಯಾವುದು ಎಂದು ಮೊದಲು ಗೊತ್ತುಮಾಡಿಕೊಳ್ಳದೆ ಬ್ಲರ್ ಹಾಕಲು ಹೊರಟವರು ಸಂಜೆಯವರೆಗೆ ಕೂತು ಅಂಗಿಯನ್ನು ಮೇಣದ ಗೊಂಬೆಯ ಅಂಗಿಯಂತೆ ಮಾಡಿಟ್ಟಿರುತ್ತಾರೆ.

ಕಾರಣ ತಿಳಿಯಲು ಮನೆಯ ಸೊಳ್ಳೆಪರದೆಯೇ ಸಾಕು. ಪರದೆಯ ಎರಡು ಪದರಗಳನ್ನು ಒಂದರ ಮೇಲೊಂದು ಹಿಡಿದು ಬೆಳಕಿಗೆ ಒಡ್ಡಿದರೆ, ಎರಡರಲ್ಲೂ ಇಲ್ಲದ ಅಗಲವಾದ ಅಲೆಗಳು ಕಾಣುತ್ತವೆ. ಒಂದು ಪದರವನ್ನು ಕೂದಲೆಳೆಯಷ್ಟು ಸರಿಸಿದರೂ ಅಲೆಗಳು ದೂರ ಓಡುತ್ತವೆ. ವಿಡಿಯೊದಲ್ಲಿ ಒಂದು ಪದರ ಬಟ್ಟೆಯ ಗೆರೆಗಳದ್ದು, ಇನ್ನೊಂದು ಕ್ಯಾಮೆರಾ ಸೆನ್ಸರ್‌ನ ಪಿಕ್ಸೆಲ್ ಸಾಲುಗಳದ್ದು. ಎರಡರ ಅಂತರ ಹತ್ತಿರ ಹತ್ತಿರ ಬಂದಾಗ ಮೂರನೆಯ ವಿನ್ಯಾಸ ಹುಟ್ಟಿಕೊಳ್ಳುತ್ತದೆ.

ಅದರಲ್ಲಿ ಬಣ್ಣ ಬರುವುದಕ್ಕೆ ಸೆನ್ಸರ್‌ನ ರಚನೆ ಕಾರಣ. ಇಂದಿನ ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್ ಮೇಲೆ, ಕೊಡಾಕ್ ಕಂಪನಿಯಲ್ಲಿದ್ದ ಬ್ರೈಸ್ ಬೇಯರ್ 1970ರ ದಶಕದಲ್ಲಿ ರೂಪಿಸಿದ ಬಣ್ಣಸೋಸುಕಗಳ ಚೌಕಳಿ ಇರುತ್ತದೆ. ನಾಲ್ಕು ಪಿಕ್ಸೆಲ್‌ಗಳಲ್ಲಿ ಎರಡು ಹಸಿರನ್ನು, ಒಂದು ಕೆಂಪನ್ನು, ಒಂದು ನೀಲಿಯನ್ನು ಅಳೆಯುತ್ತವೆ. ಲಂಬ ಗೆರೆಯ ಅಂಗಿಯನ್ನು ಅಡ್ಡಲಾಗಿ ನೋಡುತ್ತ ಹೋದರೆ ಹಸಿರಿನ ಅಳತೆ ಪ್ರತಿ ಕಂಬದಲ್ಲೂ ಸಿಗುತ್ತದೆ. ಕೆಂಪು ಮತ್ತು ನೀಲಿ ಕಂಬ ಬಿಟ್ಟು ಕಂಬ. ಒಂದು ಗೆರೆ-ಜೋಡಿಯನ್ನು, ಅಂದರೆ ಒಂದು ನೀಲಿ ಗೆರೆ ಮತ್ತು ಪಕ್ಕದ ಬಿಳಿ ಜಾಗವನ್ನು, ಸರಿಯಾಗಿ ಗುರುತಿಸಲು ಕನಿಷ್ಠ ಎರಡು ಅಳತೆ ಬೇಕು. ಹಾಗಾಗಿ ಹಸಿರಿಗೆ ಗೆರೆ-ಜೋಡಿ 2 ಪಿಕ್ಸೆಲ್ ಅಗಲವಿದ್ದರೂ ನಡೆದೀತು, ಕೆಂಪು-ನೀಲಿಗೆ 4 ಪಿಕ್ಸೆಲ್ ಬೇಕು. ಈ 2 ಮತ್ತು 4ರ ನಡುವಿನ ಜಾಗದಲ್ಲೇ ಬಣ್ಣದ ಮೊಯಿರೆ ಬೀಡುಬಿಟ್ಟಿರುವುದು. ಮೇಲಾಗಿ ಕೆಂಪಿನ ಕಂಬಗಳೂ ನೀಲಿಯ ಕಂಬಗಳೂ ಒಂದೊಂದು ಪಿಕ್ಸೆಲ್ ಆಚೀಚೆ ಇರುವುದರಿಂದ ಒಂದು ತಪ್ಪಾಗಿ ಏರಿದ ಕಡೆ ಇನ್ನೊಂದು ತಪ್ಪಾಗಿ ಇಳಿದಿರುತ್ತದೆ. ಒಂದು ಪಟ್ಟೆ ಕಿತ್ತಳೆ, ಪಕ್ಕದ್ದು ನೀಲಿ ಆಗುವುದು ಇದರಿಂದಲೇ.

ಲೆಕ್ಕ ಹಾಕಿಯೇ ನೋಡೋಣ. ಸೊಂಟದವರೆಗಿನ ಚೌಕಟ್ಟು, ಅತಿಥಿ ಕೂತ ಜಾಗದಲ್ಲಿ ಫ್ರೇಮಿನ ಅಗಲ 1.2 ಮೀಟರ್. ಕ್ಯಾಮೆರಾ ಸೆನ್ಸರ್‌ನ 3840 ಪಿಕ್ಸೆಲ್ ಅಗಲವನ್ನು ಇದ್ದದ್ದು ಇದ್ದಂತೆ 4ಕೆ ವಿಡಿಯೊ ಆಗಿ ಬರೆದುಕೊಳ್ಳುತ್ತಿದೆ. ಅಂದರೆ ಅಂಗಿಯ ಪ್ರತಿ ಮಿಲಿಮೀಟರಿಗೆ 3.2 ಪಿಕ್ಸೆಲ್. ಅಂಗಿಯ ಗೆರೆ-ಜೋಡಿ 0.65 ಮಿಲಿಮೀಟರ್ ಇದ್ದರೆ ಅದಕ್ಕೆ ಸಿಗುವುದು 2.08 ಪಿಕ್ಸೆಲ್. ಹಸಿರು ಹೇಗೋ ಪಾರಾಯಿತು. ಕೆಂಪು-ನೀಲಿಯ ಅಳತೆಗಳ ನಡುವಿನ ಅಂತರ 2 ಪಿಕ್ಸೆಲ್, ಗೆರೆಗಳ ಅಂತರ 2.08, ಎರಡೂ ಹೆಚ್ಚುಕಮ್ಮಿ ಒಂದೇ. ಇಂಥ ಎರಡು ಸಾಲುಗಳು ಒಂದರೊಡನೊಂದು ಮತ್ತೆ ಹೊಂದಿಕೊಳ್ಳಲು 52 ಪಿಕ್ಸೆಲ್ ಬೇಕಾಗುತ್ತದೆ. ಆದ್ದರಿಂದ ಪರದೆಯ ಮೇಲೆ 52 ಪಿಕ್ಸೆಲ್‌ಗೊಮ್ಮೆ ಮರುಕಳಿಸುವ ಕಿತ್ತಳೆ-ನೀಲಿ ಪಟ್ಟೆ. ಅಂಗಿಯ ಮೇಲೆ ಅದು ಸುಮಾರು 16 ಮಿಲಿಮೀಟರ್, ಗುಂಡಿಗಿಂತ ದೊಡ್ಡದು.

ಮಿನುಗುವಿಕೆಯ ಗುಟ್ಟೂ ಇದೇ ಲೆಕ್ಕದಲ್ಲಿದೆ. 2.08 ಪಿಕ್ಸೆಲಿನ ವಿನ್ಯಾಸ 52 ಪಿಕ್ಸೆಲಿಗೆ ಹಿಗ್ಗಿದೆ ಎಂದರೆ ಚಲನೆಯೂ ಅಷ್ಟೇ ಪಟ್ಟು, 25 ಪಟ್ಟು, ಹಿಗ್ಗುತ್ತದೆ. ಅತಿಥಿಯ ಭುಜ ಒಂದು ಪಿಕ್ಸೆಲಿನಷ್ಟು ಸರಿದರೆ ಬಣ್ಣದ ಪಟ್ಟೆ 25 ಪಿಕ್ಸೆಲ್ ಓಡುತ್ತದೆ. ಕಣ್ಣಿಗೆ ಕಾಣದಷ್ಟು ಸಣ್ಣ ಅಲುಗಾಟ ಎದೆಯುದ್ದಕ್ಕೂ ಬಣ್ಣದ ಓಟವಾಗುವುದು ಹೀಗೆ.

ಈಗ ಪರೀಕ್ಷೆಗೆ ಬರೋಣ. ಮೊದಲು ಪರದೆಯನ್ನು ಅನುಮಾನಿಸಬೇಕು. ಎಡಿಟಿಂಗ್ ತಂತ್ರಾಂಶಗಳು ವೇಗಕ್ಕಾಗಿ ಪ್ಲೇಬ್ಯಾಕನ್ನು ಅರ್ಧ ಅಥವಾ ಕಾಲು ರೆಸಲ್ಯೂಷನ್ನಿನಲ್ಲಿ ತೋರಿಸುತ್ತವೆ, ಮತ್ತು 4ಕೆ ಚಿತ್ರವನ್ನು ಸಣ್ಣ ಕಿಟಕಿಯಲ್ಲಿ ತುರುಕುತ್ತವೆ. ಆ ಅವಸರದ ಕಿರಿದುಗೊಳಿಸುವಿಕೆಯೇ ಹೊಸ ಮೊಯಿರೆ ಹುಟ್ಟಿಸಬಲ್ಲದು. ಆದ್ದರಿಂದ ಪ್ಲೇಬ್ಯಾಕ್ ಗುಣಮಟ್ಟವನ್ನು ಪೂರ್ಣಕ್ಕೆ ಏರಿಸಿ, ಚಿತ್ರವನ್ನು 100 ಪ್ರತಿಶತಕ್ಕೆ ಹಿಗ್ಗಿಸಿ, ಅಂಗಿಯ ಭಾಗವನ್ನು ನಿಂತ ಫ್ರೇಮಿನಲ್ಲಿ ನೋಡಬೇಕು. 150 ಅಥವಾ 70 ಎಂಬ ಅರೆಬರೆ ಸಂಖ್ಯೆ ಬೇಡ. 100 ಇಲ್ಲವೇ 200. ಅಲ್ಲಿ ಪಟ್ಟೆ ಮಾಯವಾದರೆ ಮೂಲ ಫೈಲು ಚೆನ್ನಾಗಿದೆ ಎಂದರ್ಥ. ಕ್ಯಾಮೆರಾದ ಹಿಂಬದಿಯ ಪುಟ್ಟ ಪರದೆಯೂ ಇದೇ ಕಾರಣಕ್ಕೆ ನಂಬಿಕೆಗೆ ಅರ್ಹವಲ್ಲ. ಚಿತ್ರೀಕರಣದ ಸ್ಥಳದಲ್ಲಿ ಅದನ್ನು ನೋಡಿ ಗಾಬರಿಯಾಗುವವರೂ ಇದ್ದಾರೆ, ಅದರಲ್ಲಿ ಕಾಣದ್ದರಿಂದ ನಿಶ್ಚಿಂತರಾಗಿ ಆಮೇಲೆ ಪೇಚಾಡುವವರೂ ಇದ್ದಾರೆ. ಮ್ಯಾಗ್ನಿಫೈ ಗುಂಡಿ ಒತ್ತಿ ಅಂಗಿಯನ್ನು ದೊಡ್ಡದು ಮಾಡಿ ನೋಡಿದರೆ ಎರಡೂ ತಪ್ಪುತ್ತದೆ.

ಎರಡನೆಯ ಪರೀಕ್ಷೆ ಇನ್ನೂ ಸುಲಭ. 100 ಪ್ರತಿಶತದಲ್ಲೂ ಪಟ್ಟೆ ಇದ್ದರೆ ಸ್ಯಾಚುರೇಷನ್ ಅನ್ನು ಸೊನ್ನೆಗೆ ಇಳಿಸಿ ಚಿತ್ರವನ್ನು ಕಪ್ಪು-ಬಿಳುಪು ಮಾಡಿ. ಪಟ್ಟೆ ಹೋಯಿತೇ? ಹಾಗಾದರೆ ಅದು ಬರೀ ಬಣ್ಣದ್ದು, ಕೆಲಸ ಆಗುತ್ತದೆ. ಕಪ್ಪು-ಬಿಳುಪಿನಲ್ಲೂ ಪಟ್ಟೆ ಉಳಿದರೆ ಬೆಳಕಿನ ಅಳತೆಯೇ ತಪ್ಪಿದೆ. ಈ ಒಂದು ಕ್ಷಣದ ಪರೀಕ್ಷೆ ಮುಂದಿನ ಗಂಟೆಗಟ್ಟಲೆ ಕೆಲಸ ಯಾವ ಕಡೆಗೆ ಹೋಗಬೇಕು ಎಂಬುದನ್ನು ತೀರ್ಮಾನಿಸುತ್ತದೆ.

ಬಣ್ಣದ ಮೊಯಿರೆ ತೆಗೆಯುವ ಎಲ್ಲ ದಾರಿಗಳ ಹಿಂದಿರುವ ಉಪಾಯ ಒಂದೇ: ಚಿತ್ರದ ಬೆಳಕನ್ನು ಒಂದು ಕಡೆ, ಬಣ್ಣವನ್ನು ಇನ್ನೊಂದು ಕಡೆ ಬೇರ್ಪಡಿಸಿ, ಬಣ್ಣವನ್ನಷ್ಟೇ ಬ್ಲರ್ ಮಾಡುವುದು. ಗೆರೆ, ಮಡಿಕೆ, ಹೊಲಿಗೆ, ಗುಂಡಿಯ ಅಂಚು ಎಲ್ಲವೂ ಬೆಳಕಿನ ಪದರದಲ್ಲಿರುತ್ತವೆ. ಅದನ್ನು ಮುಟ್ಟುವುದೇ ಇಲ್ಲ. ಕಿತ್ತಳೆ ಮತ್ತು ನೀಲಿ ಪಟ್ಟೆಗಳು ಬಣ್ಣದ ಪದರದಲ್ಲಿ ಒಂದರೊಳಗೊಂದು ಕರಗಿ, ಸರಾಸರಿ ಬಣ್ಣ ಉಳಿಯುತ್ತದೆ. ಆ ಸರಾಸರಿ ಅಂಗಿಯ ನಿಜವಾದ ತಿಳಿನೀಲಿಗೆ ಬಹಳ ಹತ್ತಿರದ್ದು, ಏಕೆಂದರೆ ಸುಳ್ಳು ಬಣ್ಣ ನಿಜ ಬಣ್ಣದ ಆಚೆಗೆ ಎಷ್ಟು ಹೋಗಿರುತ್ತದೋ ಈಚೆಗೂ ಅಷ್ಟೇ ಬಂದಿರುತ್ತದೆ. ಅಂಗಿಯ ಬಿಳಿ ಭಾಗ ವಿಪರೀತ ಬೆಳಕಿನಿಂದ ಸುಟ್ಟುಹೋಗಿದ್ದರೆ ಮಾತ್ರ ಈ ಲೆಕ್ಕ ತಪ್ಪಿ, ಬಣ್ಣ ಒಂದು ಕಡೆಗೆ ವಾಲುತ್ತದೆ.

ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿಯಲ್ಲೇ ಇದನ್ನು ಮಾಡಬಹುದು. Color ಪುಟದಲ್ಲಿ ಹೊಸದೊಂದು ನೋಡ್ ಸೇರಿಸಿ, ಅದರ ಮೇಲೆ ಬಲಗುಂಡಿ ಒತ್ತಿ, Color Space ಪಟ್ಟಿಯಿಂದ LAB (CIE) ಆರಿಸಬೇಕು. ಮತ್ತೆ ಬಲಗುಂಡಿ ಒತ್ತಿ, Channels ಪಟ್ಟಿಯಲ್ಲಿ Channel 1 ಮುಂದಿನ ಗುರುತನ್ನು ತೆಗೆಯಬೇಕು. ಆ ಮೊದಲನೆಯ ಚಾನೆಲ್ಲೇ ಬೆಳಕಿನದು. ಅದನ್ನು ಹೊರಗಿಟ್ಟ ಮೇಲೆ ಈ ನೋಡಿನಲ್ಲಿ ಏನೇ ಮಾಡಿದರೂ ಬಣ್ಣಕ್ಕಷ್ಟೇ ತಟ್ಟುತ್ತದೆ. ಈಗ ಬ್ಲರ್ ಫಲಕಕ್ಕೆ ಹೋಗಿ Radius ಅನ್ನು 0.50ರಿಂದ ಮೇಲಕ್ಕೆ ನಿಧಾನವಾಗಿ ಏರಿಸುತ್ತ ಹೋದರೆ ಬಣ್ಣದ ಪಟ್ಟೆ ತೆಳುವಾಗುತ್ತ ಬಂದು ಒಂದು ಹಂತದಲ್ಲಿ ಕಾಣೆಯಾಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು.

ಪ್ರೀಮಿಯರ್ ಬಳಸುವವರು ಇದನ್ನೇ ಬೇರೆ ದಾರಿಯಲ್ಲಿ ಮಾಡುತ್ತಾರೆ. ಕ್ಲಿಪ್ಪಿನ ನಕಲನ್ನು ಮೇಲಿನ ಟ್ರ್ಯಾಕಿನಲ್ಲಿ ಸರಿಯಾಗಿ ಅದೇ ಜಾಗದಲ್ಲಿಟ್ಟು, ಅದಕ್ಕೆ Gaussian Blur ಹಾಕಿ, Opacity ಅಡಿಯಲ್ಲಿರುವ Blend Mode ಅನ್ನು Color ಮಾಡಿದರೆ ಮೇಲಿನ ಮಸುಕು ಚಿತ್ರದಿಂದ ಬಣ್ಣ, ಕೆಳಗಿನ ಮೂಲ ಚಿತ್ರದಿಂದ ಬೆಳಕು ಸೇರಿಕೊಳ್ಳುತ್ತವೆ. ಬ್ಲೆಂಡ್ ಮೋಡ್ ಇರುವ ಯಾವ ಎಡಿಟರಿನಲ್ಲೂ ಈ ವಿಧಾನ ನಡೆಯುತ್ತದೆ.

ಬ್ಲರ್ ಎಷ್ಟು ಬೇಕು? ಇದನ್ನು ಊಹೆಗೆ ಬಿಡುವ ಅಗತ್ಯವಿಲ್ಲ. ಒಂದು ಕಿತ್ತಳೆ ಪಟ್ಟೆಯ ನಡುವಿನಿಂದ ಮುಂದಿನ ಕಿತ್ತಳೆ ಪಟ್ಟೆಯ ನಡುವಿನವರೆಗೆ ಎಷ್ಟು ಪಿಕ್ಸೆಲ್ ಇದೆ ಎಂದು ಅಳೆದು, ಗಾಸಿಯನ್ ಬ್ಲರ್‌ನ ಸಿಗ್ಮಾವನ್ನು ಅದರ ಮೂರನೇ ಒಂದರಿಂದ ಅರ್ಧದವರೆಗೆ ಇಟ್ಟರೆ ಸಾಕು. ಕಾಲು ಭಾಗ ಇಟ್ಟರೆ ಪಟ್ಟೆಯ ಬಲದಲ್ಲಿ ಇನ್ನೂ ಹತ್ತಿರ ಹತ್ತಿರ 30 ಪ್ರತಿಶತ ಉಳಿದಿರುತ್ತದೆ; ಅರ್ಧ ಇಟ್ಟರೆ ಒಂದು ಪ್ರತಿಶತಕ್ಕಿಂತ ಕಡಿಮೆ. ನಮ್ಮ ಅಂಗಿಯ 52 ಪಿಕ್ಸೆಲ್ ಪಟ್ಟೆಗೆ ಸಿಗ್ಮಾ 17ರಿಂದ 26ರ ನಡುವೆ ಎಲ್ಲಾದರೂ ಇರಬಹುದು. ರಿಸಾಲ್ವ್‌ನ Radius ಆಗಲಿ ಪ್ರೀಮಿಯರ್‌ನ Blurriness ಆಗಲಿ ನೇರವಾಗಿ ಸಿಗ್ಮಾ ಅಲ್ಲವಾದ್ದರಿಂದ ಅಲ್ಲಿ ಕಣ್ಣಳತೆಯೇ ಗತಿ. ಆದೇಶದ ಸಾಲಿನಲ್ಲಿ ಕೆಲಸ ಮಾಡುವ ಎಫ್‌ಎಫ್‌ಎಂಪೆಗ್‌ನಲ್ಲಿ ಮಾತ್ರ ಈ ಸಂಖ್ಯೆಯನ್ನು ನೇರವಾಗಿ ಬರೆಯಬಹುದು:

```
ffmpeg -i in.mp4 -filter_complex "[0:v]split[a][b];[b]crop=1500:1100:1170:1060,gblur=sigma=10:planes=6[c];[a][c]overlay=1170:1060" -c:v libx264 -crf 16 -c:a copy out.mp4
```

ಇಲ್ಲಿ crop ಎಂಬುದು ಅಂಗಿಯಿರುವ ಆಯತವನ್ನು ಕತ್ತರಿಸಿಕೊಳ್ಳುತ್ತದೆ: 1500 ಅಗಲ, 1100 ಎತ್ತರ, ಎಡದಿಂದ 1170, ಮೇಲಿನಿಂದ 1060 ಪಿಕ್ಸೆಲ್. planes=6 ಎಂದರೆ ಎರಡು ಬಣ್ಣದ ಪದರಗಳಿಗಷ್ಟೇ ಬ್ಲರ್. ಸಿಗ್ಮಾ 20ರ ಬದಲು 10 ಇರುವುದನ್ನು ಓದುಗರು ಗಮನಿಸಿರಬಹುದು. ಸಾಮಾನ್ಯ ವಿಡಿಯೊ ಫೈಲುಗಳಲ್ಲಿ ಬಣ್ಣದ ಪದರ ಬೆಳಕಿನ ಪದರದ ಅರ್ಧ ಅಗಲ, ಅರ್ಧ ಎತ್ತರದಲ್ಲಿ ಶೇಖರವಾಗಿರುತ್ತದೆ. ಆ ಪದರದ 10 ಪಿಕ್ಸೆಲ್ ಪರದೆಯ 20 ಪಿಕ್ಸೆಲಿಗೆ ಸಮ. ಈ ಅಳತೆಯಲ್ಲಿ ಬಣ್ಣದ ಏರಿಳಿತ ಇಪ್ಪತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ.

ಆಯತಕ್ಕಷ್ಟೇ ಬ್ಲರ್ ಏಕೆ, ಇಡೀ ಚಿತ್ರಕ್ಕೆ ಹಾಕಿದರೆ ಆಗದೇ? ಹಾಕಿ ನೋಡಿದರೆ ಗೊತ್ತಾಗುತ್ತದೆ: ತುಟಿಯ ಕೆಂಪು ಗಲ್ಲಕ್ಕೆ ಹರಡಿರುತ್ತದೆ, ಹಣೆಯ ಕುಂಕುಮ ಮಾಸಿದ ಕಲೆಯಂತೆ ಆಗಿರುತ್ತದೆ, ಕಣ್ಣಿನ ಸುತ್ತ ಚರ್ಮದ ಬಣ್ಣ ನುಗ್ಗಿರುತ್ತದೆ. ಬೆಳಕಿನ ಪದರ ಚೂಪಾಗಿಯೇ ಇರುವುದರಿಂದ ಮೊದಲ ನೋಟಕ್ಕೆ ಇದು ಕಾಣದೆ, ಮುಖವೇಕೋ ನಿಸ್ತೇಜವಾಗಿದೆ ಎಂದಷ್ಟೇ ಅನಿಸುತ್ತದೆ. ಆದ್ದರಿಂದ ಅಂಗಿಗೆ ಮಾಸ್ಕ್ ಕಟ್ಟುವುದು ಕಡ್ಡಾಯ. ಮೇಲಿನ ಆದೇಶದ ಚೂಪು ಅಂಚಿನ ಆಯತ ಪರೀಕ್ಷೆಗೂ, ಒಂದೇ ಬಗೆಯ ಹತ್ತಾರು ಕ್ಲಿಪ್ಪುಗಳಿಗೂ ಸಾಕಾದೀತು. ಒಳ್ಳೆಯ ಕೆಲಸಕ್ಕೆ ರಿಸಾಲ್ವ್‌ನ ವಿಂಡೊ ಅಥವಾ ಪ್ರೀಮಿಯರ್‌ನ ಮಾಸ್ಕಿನಿಂದ ಕಾಲರಿನ ಕೆಳಗಿನಿಂದ ಅಂಗಿಯ ಆಕಾರವನ್ನೇ ಬಿಡಿಸಿ, ಅಂಚನ್ನು ಮೃದುಗೊಳಿಸಿ, ಟ್ರ್ಯಾಕ್ ಮಾಡಬೇಕು.

ತೊಡಕು ಹೆಚ್ಚಾಗಿ ಬರುವುದು ಕೈಯಿಂದ. ಮಾತಾಡುವಾಗ ಕೈ ಆಡಿಸುವವರ ಅಂಗೈ ಎದೆಯ ಮುಂದೆ ಹಾದುಹೋದಾಗ ಅಂಗಿಯ ನೀಲಿ ಬೆರಳಿಗೂ ಬೆರಳಿನ ಬಣ್ಣ ಅಂಗಿಗೂ ಅಂಟಿಕೊಂಡು, ಕೈಯ ಸುತ್ತ ಒಂದು ಮಂಕು ವಲಯ ಚಲಿಸುತ್ತದೆ. ಕೆಂಪು ದಾರದ ಗುರುತಿನ ಚೀಟಿ ಕೊರಳಲ್ಲಿದ್ದರೂ ಇದೇ ಪಾಡು. ಚರ್ಮದ ಬಣ್ಣವನ್ನು ಕ್ವಾಲಿಫೈಯರ್‌ನಿಂದ ಆರಿಸಿ ಮಾಸ್ಕಿನಿಂದ ಕಳೆಯುವುದು ಒಂದು ದಾರಿ. ಆದರೆ ಕಿತ್ತಳೆ ಮೊಯಿರೆಗೂ ಚರ್ಮದ ಬಣ್ಣಕ್ಕೂ ಅಂಥ ದೂರವಿಲ್ಲದಿರುವುದರಿಂದ ಈ ಆಯ್ಕೆ ಅಂಗಿಯ ಪಟ್ಟೆಗಳನ್ನೇ ಹೊರಗಿಟ್ಟು, ತೆಗೆಯಬೇಕಾದ್ದನ್ನು ಉಳಿಸಿಬಿಡುವುದುಂಟು. ಕೈ ಅಡ್ಡ ಬರುವ ಒಂದೆರಡು ಸೆಕೆಂಡಿಗೆ ಕೈಗೇ ಬೇರೆ ಮಾಸ್ಕ್ ಬಿಡಿಸುವುದು ಬೇಸರದ ಕೆಲಸವಾದರೂ ಫಲಿತಾಂಶ ಖಚಿತ.

ಅಂಗಿ ಕಪ್ಪು-ಬಿಳಿ ಅಥವಾ ಬೂದು ಗೆರೆಯದಾದರೆ ಇಷ್ಟೆಲ್ಲ ಬೇಕಿಲ್ಲ. ಅದರಲ್ಲಿ ಇರಬೇಕಾದ ಬಣ್ಣವೇ ಇಲ್ಲ. ಮಾಸ್ಕಿನೊಳಗೆ ಸ್ಯಾಚುರೇಷನ್ ಇಳಿಸಿದರೆ ಕೆಲಸ ಮುಗಿಯಿತು. ಪೂರ್ತಿ ಸೊನ್ನೆ ಮಾಡುವುದಕ್ಕಿಂತ ಸುತ್ತಲಿನ ಬೆಳಕಿನ ಛಾಯೆ ಉಳಿಯುವಷ್ಟು ಬಿಡುವುದು ಚೆಂದ. ಇಲ್ಲದಿದ್ದರೆ ಸಂಜೆಯ ಹಳದಿ ಬೆಳಕಿನಲ್ಲಿ ಕೂತವರ ಅಂಗಿಯೊಂದೇ ಹಳೆಯ ಸಿನಿಮಾದಿಂದ ಬಂದಂತಿರುತ್ತದೆ. ಕೆಲಸ ಸರಿಯಾಯಿತೇ ಎಂದು ನೋಡಲು ವೆಕ್ಟರ್‌ಸ್ಕೋಪ್ ಒಳ್ಳೆಯ ಸಾಕ್ಷಿ. ಅಂಗಿಯ ಭಾಗವನ್ನಷ್ಟೇ ತೋರಿಸಿದಾಗ ಮೊದಲು ಕಿತ್ತಳೆಯಿಂದ ನೀಲಿಯವರೆಗೆ ಚಾಚಿಕೊಂಡಿದ್ದ ಚುಕ್ಕೆಗಳ ಗುಂಪು, ದುರಸ್ತಿಯ ಬಳಿಕ ಒಂದೇ ಕಡೆ ಮುದುಡಿಕೊಳ್ಳಬೇಕು.

ಬೆಳಕಿನ ಮೊಯಿರೆಯ ಕಥೆ ಬೇರೆ. ಗೆರೆ-ಜೋಡಿಗೆ 2 ಪಿಕ್ಸೆಲಿಗಿಂತ ಕಡಿಮೆ ಸಿಕ್ಕಾಗ ಹಸಿರೂ ಸೋಲುತ್ತದೆ, ಆಗ ಸುಳ್ಳು ಪಟ್ಟೆ ಬೆಳಕಿನ ಪದರದಲ್ಲೇ ಅಚ್ಚಾಗುತ್ತದೆ. ಆ ಪಟ್ಟೆಗೂ ಅಂಗಿಯ ನಿಜವಾದ ಮಡಿಕೆಯ ನೆರಳಿಗೂ ಫೈಲಿನೊಳಗೆ ಯಾವ ಗುರುತಿನ ವ್ಯತ್ಯಾಸವೂ ಇರುವುದಿಲ್ಲ. ನಿಜವಾದ ಗೆರೆ ಎಲ್ಲಿತ್ತು ಎಂಬ ಮಾಹಿತಿ ದಾಖಲಾಗದೇ ಹೋಗಿದೆ. ಯಾವ ಫಿಲ್ಟರ್ ಕೂಡ ಅದನ್ನು ಮರಳಿ ತರಲಾರದು.

ಪಟ್ಟೆ ಸಣ್ಣದಾಗಿದ್ದು, ನಾಲ್ಕೈದು ಪಿಕ್ಸೆಲ್ ಇದ್ದರೆ, ಮಾಸ್ಕಿನೊಳಗೆ ಬೆಳಕಿಗೂ ಸಣ್ಣ ಬ್ಲರ್ ಕೊಟ್ಟು, ಬಟ್ಟೆ ತೀರಾ ನುಣುಪಾಗಿ ಕಾಣದಂತೆ ಮೇಲೆ ತುಸು ಗ್ರೇನ್ ಉದುರಿಸಬಹುದು. ಅತಿಥಿ ಬಹುತೇಕ ಅಲುಗದೆ ಕೂತಿದ್ದರೆ ಅಕ್ಕಪಕ್ಕದ ಫ್ರೇಮುಗಳ ಸರಾಸರಿ ತೆಗೆಯುವ ಟೆಂಪೊರಲ್ ನಾಯ್ಸ್ ರಿಡಕ್ಷನ್ ಓಟದ ರಭಸವನ್ನು ತಗ್ಗಿಸುತ್ತದೆ. ಅಲುಗಿದರೆ ಮಾತ್ರ ಅಂಚುಗಳಲ್ಲಿ ನೆರಳಿನ ಬಾಲ ಬೆಳೆಯುತ್ತದೆ. ಅಗಲ ಪಟ್ಟೆಗೆ ಇವೆರಡೂ ಸಾಲವು. 50 ಪಿಕ್ಸೆಲಿನ ಬೆಳಕು-ಕಪ್ಪಿನ ಪಟ್ಟೆಯನ್ನು ಕರಗಿಸುವ ಬ್ಲರ್ ಗುಂಡಿಯನ್ನೂ ಮಡಿಕೆಯನ್ನೂ ಜೊತೆಗೇ ಕರಗಿಸುತ್ತದೆ. ಅಲ್ಲಿ ಎಡಿಟರ್ ಮಾಡಬಹುದಾದ ಒಳ್ಳೆಯ ಕೆಲಸ, ಎದೆಯ ಭಾಗ ಫ್ರೇಮಿನಿಂದ ಹೊರಗುಳಿಯುವಂತೆ ಮುಖದ ಹತ್ತಿರಕ್ಕೆ ಕ್ರಾಪ್ ಮಾಡುವುದು, ಇಲ್ಲವೇ ಆ ಮಾತಿನ ಮೇಲೆ ಬೇರೆ ದೃಶ್ಯ ಹಾಕುವುದು.

ಸೆನ್ಸರ್ ತಪ್ಪು ಮಾಡದೆ, ಚಿತ್ರವನ್ನು ಕಿರಿದುಗೊಳಿಸುವಾಗ ಬೆಳಕಿನ ಪಟ್ಟೆ ಹುಟ್ಟಿದ್ದರೆ ಅದು ಸಂಪೂರ್ಣ ಸರಿಪಡಿಸಬಹುದಾದದ್ದು. ಅದೇ ಅಂಗಿಯ 4ಕೆ ಚಿತ್ರವನ್ನು 1080ಕ್ಕೆ ಇಳಿಸಿದರೆ ಗೆರೆ-ಜೋಡಿಗೆ ಉಳಿಯುವುದು 1.04 ಪಿಕ್ಸೆಲ್. ಇಷ್ಟರಲ್ಲಿ ಗೆರೆ ತೋರಿಸಲು ಸಾಧ್ಯವೇ ಇಲ್ಲ; ಅಕ್ಕಪಕ್ಕದ ಪಿಕ್ಸೆಲ್‌ಗಳನ್ನು ಸರಾಸರಿ ಮಾಡಿ ಸಾದಾ ತಿಳಿನೀಲಿ ತೋರಿಸುವುದೇ ಸರಿ. ಪಿಕ್ಸೆಲ್ ಬಿಟ್ಟು ಪಿಕ್ಸೆಲ್ ಹೆಕ್ಕುವ ಅಗ್ಗದ ಸ್ಕೇಲರ್ ಆದರೆ 26 ಪಿಕ್ಸೆಲಿನ ಪಟ್ಟೆ ತಂದಿಡುತ್ತದೆ. ಇದಕ್ಕೆ ಮದ್ದು, ಇಳಿಸುವ ಮೊದಲು 4ಕೆ ಕ್ಲಿಪ್ಪಿನಲ್ಲೇ ಅಂಗಿಯ ಭಾಗಕ್ಕೆ ಸಿಗ್ಮಾ 0.8ರಷ್ಟು ಪುಟ್ಟ ಬ್ಲರ್. ಅದು ಗೆರೆಗಳ ಬಲವನ್ನು 5 ಪ್ರತಿಶತಕ್ಕೆ ತಗ್ಗಿಸುತ್ತದೆ. ಮಡಿಕೆ, ಕಾಲರು, ಗುಂಡಿಗಳಿಗೆ ಏನೂ ಆಗುವುದಿಲ್ಲ. ಬ್ಲರ್ ಮೊದಲು, ಕಿರಿದುಗೊಳಿಸುವುದು ಆಮೇಲೆ. ಈ ಅನುಕ್ರಮ ತಿರುಗುಮುರುಗಾದರೆ ಪಟ್ಟೆ ಹುಟ್ಟಿದ ಮೇಲೆ ಅದನ್ನು ಮಸುಕು ಮಾಡಿದಂತೆ ಆಗುತ್ತದೆ.

ಕ್ಯಾಮೆರಾಗಳೇ ಈ ಅಗ್ಗದ ಕಿರಿದುಗೊಳಿಸುವಿಕೆಯನ್ನು ಮಾಡುತ್ತಿದ್ದ ಕಾಲವೂ ಇತ್ತು. 2008ರಲ್ಲಿ ಬಂದ ಕ್ಯಾನನ್ 5ಡಿ ಮಾರ್ಕ್ 2 ವಿಡಿಯೊ ಜಗತ್ತನ್ನೇ ಬದಲಿಸಿದ ಕ್ಯಾಮೆರಾ ನಿಜ. ಆದರೆ 5616 ಪಿಕ್ಸೆಲ್ ಅಗಲದ ಅದರ ಸೆನ್ಸರ್ 1920 ಅಗಲದ ವಿಡಿಯೊಗಾಗಿ ನಡುನಡುವಿನ ಸಾಲುಗಳನ್ನು ಓದದೆ ಹಾರಿಸಿಬಿಡುತ್ತಿತ್ತು. ಹೆಂಚಿನ ಮಾಡು, ಇಟ್ಟಿಗೆ ಗೋಡೆ, ಪಟ್ಟೆ ಅಂಗಿ ಎಲ್ಲವೂ ಅದರಲ್ಲಿ ಮಿನುಗುತ್ತಿದ್ದವು. ಲೆನ್ಸಿನ ಹಿಂದೆ ಇಟ್ಟುಕೊಳ್ಳಲು ವಿಶೇಷ ಮಸುಕು ಸೋಸುಕಗಳನ್ನೇ ಜನ ಕೊಂಡರು. 2012ರ ಮಾರ್ಕ್ 3ರಲ್ಲಿ ಈ ತೊಂದರೆ ಬಹಳ ಕಡಿಮೆಯಾಯಿತು. ಅದೇ ವರ್ಷ ನಿಕಾನ್ ತನ್ನ ಡಿ800 ಕ್ಯಾಮೆರಾವನ್ನು ಎರಡು ರೂಪದಲ್ಲಿ ಮಾರಿತು: ಸೆನ್ಸರ್ ಮುಂದಿನ ಮಸುಕು ಸೋಸುಕ ಕೆಲಸ ಮಾಡುವಂಥದ್ದು ಒಂದು, ಹೆಚ್ಚು ಚೂಪಿಗಾಗಿ ಅದರ ಪರಿಣಾಮವನ್ನು ಅಳಿಸಿದ ಡಿ800ಇ ಇನ್ನೊಂದು. ಚೂಪು ಬೇಕೋ, ಮೊಯಿರೆಯಿಂದ ರಕ್ಷಣೆ ಬೇಕೋ ಎಂಬ ಆಯ್ಕೆಯನ್ನು ಗ್ರಾಹಕರಿಗೇ ಬಿಟ್ಟಂತಾಯಿತು.

ದುರಸ್ತಿಯ ಶ್ರಮ ಎಷ್ಟು ಎಂಬುದು ಚಿತ್ರೀಕರಣದಲ್ಲೇ ತೀರ್ಮಾನವಾಗಿರುತ್ತದೆ ಎನ್ನಲು ಅದೇ ಅಂಗಿಯ ಲೆಕ್ಕವನ್ನು ಇನ್ನೊಮ್ಮೆ ತೆಗೆಯಬಹುದು. ಕ್ಯಾಮೆರಾವನ್ನು ಸ್ವಲ್ಪ ಮುಂದಕ್ಕಿಟ್ಟು ಫ್ರೇಮಿನ ಅಗಲವನ್ನು 1.2ರಿಂದ 1 ಮೀಟರಿಗೆ ಇಳಿಸಿದರೆ ಗೆರೆ-ಜೋಡಿಗೆ ಸುಮಾರು 2.5 ಪಿಕ್ಸೆಲ್ ಸಿಗುತ್ತದೆ, ಬಣ್ಣದ ಪಟ್ಟೆ 52ರಿಂದ 10 ಪಿಕ್ಸೆಲಿಗೆ ಕುಗ್ಗುತ್ತದೆ. ಅದನ್ನು ಅಳಿಸಲು 4 ಅಥವಾ 5ರ ಸಿಗ್ಮಾ ಸಾಕು. ಕೈ ಅಡ್ಡ ಬಂದರೂ ಬಣ್ಣ ಸೋರುವುದು ಕಣ್ಣಿಗೆ ಬೀಳದು. ಸೆನ್ಸರ್‌ನ 6000 ಪಿಕ್ಸೆಲ್ ಅಗಲವನ್ನು ಪೂರ್ತಿ ಓದಿ 4ಕೆಗೆ ಇಳಿಸುವ ಕ್ಯಾಮೆರಾ ಆದರೆ, 1.2 ಮೀಟರ್ ಫ್ರೇಮಿನಲ್ಲೂ 4ಕೆ ಚಿತ್ರದ ಪಟ್ಟೆ ಮೂರು ಪಿಕ್ಸೆಲ್ ಚಿಲ್ಲರೆ ಅಷ್ಟೇ. ಹಾಗಾಗಿ ಒಂದೇ ಕ್ಯಾಮೆರಾದಲ್ಲಿ ಓದುವ ವಿಧಾನಗಳ ಆಯ್ಕೆ ಇದ್ದರೆ ಪೂರ್ತಿ ಓದುವುದನ್ನೇ ಆರಿಸುವುದು ಲಾಭ. ಹೆಚ್ಚು ಫ್ರೇಮಿನ ಸ್ಲೋ ಮೋಷನ್ ವಿಧಾನಗಳಲ್ಲಿ ಸಾಲು ಹಾರಿಸುವ ಚಾಳಿ ಈಗಲೂ ಹಲವು ಕ್ಯಾಮೆರಾಗಳಲ್ಲಿದೆ. ಕ್ಯಾಮೆರಾದೊಳಗಿನ ಶಾರ್ಪ್‌ನೆಸ್ ಅನ್ನು ಇಳಿಸಿಡುವುದೂ ಒಳ್ಳೆಯದು. ಅದು ಮೊಯಿರೆಯನ್ನು ಹುಟ್ಟಿಸದಿದ್ದರೂ ಹುಟ್ಟಿದ್ದಕ್ಕೆ ಗಡಸು ಅಂಚು ಕೊಡುತ್ತದೆ.

ಗುಳೇದಗುಡ್ಡದ ಖಣದ ಕುಪ್ಪಸ, ಇಳಕಲ್ ಸೀರೆಯ ಸಣ್ಣ ಚೌಕಳಿ ಇವುಗಳಲ್ಲಿ ಲೆಕ್ಕ ಇಷ್ಟು ಸರಳವಾಗಿರುವುದಿಲ್ಲ. ವಿನ್ಯಾಸ ಅಡ್ಡಕ್ಕೂ ಉದ್ದಕ್ಕೂ ಮರುಕಳಿಸುತ್ತದೆ, ಮೇಲಾಗಿ ಸೆರಗಿನ ನೆರಿಗೆಯಲ್ಲಿ ಬಟ್ಟೆ ಬಾಗಿದಲ್ಲೆಲ್ಲ ಗೆರೆಗಳ ಅಂತರ ಕ್ಯಾಮೆರಾದ ಕಣ್ಣಿಗೆ ಬದಲಾಗುತ್ತ ಹೋಗುತ್ತದೆ. ಸಾದಾ ಹರಡಿದ ಭಾಗ ಶುದ್ಧವಾಗಿದ್ದರೂ ನೆರಿಗೆಯ ಯಾವುದೋ ಒಂದು ಬಾಗಿನಲ್ಲಿ ಅಂತರ ಅಪಾಯದ ಗೆರೆ ಮುಟ್ಟಿ, ಅಲ್ಲಷ್ಟೇ ಕಾಮನಬಿಲ್ಲು ಮೂಡುತ್ತದೆ. ಇಂಥ ಕಡೆ ಕ್ಯಾಮೆರಾ ಹಿಂದೆ-ಮುಂದೆ ಸರಿಸಿದರೆ ಕಲೆ ಒಂದು ನೆರಿಗೆಯಿಂದ ಇನ್ನೊಂದಕ್ಕೆ ದಾಟುತ್ತದೆಯೇ ಹೊರತು ಹೋಗುವುದಿಲ್ಲ. ಬದಲಿಗೆ ಅಪರ್ಚರ್ ತೆರೆದು, ಕಣ್ಣಿಗೆ ಫೋಕಸ್ ಇಟ್ಟು, ಸೆರಗು ತುಸು ಮಸುಕಾಗುವಂತೆ ಬಿಡುವುದು ಕೆಲಸ ಮಾಡುತ್ತದೆ. ಜರಿಯ ಮೇಲಿನ ಬಿಡಿಬಿಡಿ ಮಿಂಚು ಮಾತ್ರ ಮೊಯಿರೆಯಲ್ಲ, ಲೋಹದ ಎಳೆಯ ಹೊಳಪು. ಅದನ್ನು ತೆಗೆಯಲು ಹೊರಟರೆ ಸೀರೆಯ ಜೀವವೇ ಹೋಗುತ್ತದೆ.

ಕೊನೆಯ ನೋಟ ಎಡಿಟಿಂಗ್ ಕೋಣೆಯ ಹೊರಗೆ ಆಗಬೇಕು. ನೋಡುಗರ ಫೋನು 4ಕೆ ಅಥವಾ 1080 ವಿಡಿಯೊವನ್ನು ಅಂಗೈಯಗಲದ ಪರದೆಗೆ ತಾನೇ ಕಿರಿದು ಮಾಡಿಕೊಳ್ಳುತ್ತದೆ, ಅದರ ಸ್ಕೇಲರ್ ಯಾರ ಕೈಯಲ್ಲೂ ಇಲ್ಲ. ಅಪ್‌ಲೋಡ್ ಆದಾಗ ಆಗುವ ಸಂಕೋಚನವಂತೂ ಮಿನುಗುವ ಸಣ್ಣ ಗೆರೆಗಳಿಗೆ ವಿಪರೀತ ಡೇಟಾ ಸುರಿದು, ಅದೇ ಹೊತ್ತಿಗೆ ಮುಖವನ್ನು ಚೌಕ ಚೌಕವಾಗಿ ಒಡೆಯಬಲ್ಲದು. ಹತ್ತು ಸೆಕೆಂಡಿನ ತುಣುಕೊಂದನ್ನು ಖಾಸಗಿಯಾಗಿ ಅಪ್‌ಲೋಡ್ ಮಾಡಿ, ಒಂದು ಸಾಧಾರಣ ಫೋನಿನಲ್ಲೂ ಒಂದು ಟಿವಿಯಲ್ಲೂ, ವಿಡಿಯೊ ಗುಣಮಟ್ಟವನ್ನು 480, 720, 1080ಕ್ಕೆ ಬದಲಿಸುತ್ತ ನೋಡಬೇಕು. 720ರಲ್ಲಿ ಮಾತ್ರ ಅಂಗಿ ಮಿನುಗಿದರೆ ಮಾಸ್ಕಿನೊಳಗಿನ ಬೆಳಕಿನ ಬ್ಲರ್ ಅನ್ನು ಒಂದು ಮೆಟ್ಟಿಲು ಏರಿಸಿ ಮತ್ತೆ ಅದೇ ತುಣುಕನ್ನು ಅಪ್‌ಲೋಡ್ ಮಾಡಿ ನೋಡಬೇಕಾಗುತ್ತದೆ.